ಒಂದೇ ಬಾಟಲಿ, ಎರಡು ಸಂಖ್ಯೆ: ಓವಾಲ್ಬುಮಿನ್ ದ್ರಾವಣದ ಸಾಂದ್ರತೆಯನ್ನು ಅಳೆದ ಒಂದು ಪ್ರಕರಣ

ರಾಯಚೂರಿನ ಒಂದು ಕಾಲೇಜಿನ ಜೀವರಸಾಯನ ಪ್ರಯೋಗಾಲಯದಲ್ಲಿ, ಏಪ್ರಿಲ್ ತಿಂಗಳ ಒಂದು ವಾರದಲ್ಲಿ, ಸ್ನಾತಕೋತ್ತರ ತರಗತಿಯ ಇಬ್ಬರು ಕೋಳಿಮೊಟ್ಟೆಯ ಬಿಳಿಭಾಗದಿಂದ ಓವಾಲ್ಬುಮಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಅದನ್ನು ಪ್ರತಿ ಮಿಲಿಲೀಟರಿಗೆ ಸರಿಯಾಗಿ 10 ಮಿಲಿಗ್ರಾಂ ಇರುವಂತೆ ಸಿದ್ಧಪಡಿಸಿ, ಮುಂದಿನ ವಾರ ಪದವಿ ತರಗತಿಯ ಮಕ್ಕಳು ಮಾಡಬೇಕಿದ್ದ ಪೆಪ್ಸಿನ್ ಜೀರ್ಣಕ್ರಿಯೆಯ ಪ್ರಯೋಗಕ್ಕೆ ಕೊಡುವುದು ಅವರ ಕೆಲಸವಾಗಿತ್ತು. ಇಬ್ಬರೂ ಒಂದೇ ಬಾಟಲಿಯಿಂದ ತೆಗೆದುಕೊಂಡು ಬೇರೆ ಬೇರೆ ವಿಧಾನದಲ್ಲಿ ಅಳೆದರು. ಸಿಂಧನೂರಿನ ವಿದ್ಯಾರ್ಥಿನಿ 280 ನ್ಯಾನೊಮೀಟರ್ ನೇರಳಾತೀತ ಬೆಳಕಿನ ಹೀರಿಕೆಯಿಂದ 8.5 ಮಿಲಿಗ್ರಾಂ ಎಂದು ಬರೆದಳು. ದೇವದುರ್ಗದ ವಿದ್ಯಾರ್ಥಿ ಕೂಮಾಸಿ ನೀಲಿ ಬಣ್ಣದ ವಿಧಾನದಿಂದ 5.9 ಎಂದು ಬರೆದ. ಆ ಬಾಟಲಿಯಲ್ಲಿ ವಾಸ್ತವವಾಗಿ ಇದ್ದದ್ದು ಸುಮಾರು 12.

ಎರಡೂ ಸಂಖ್ಯೆಗಳು ಹತ್ತಕ್ಕಿಂತ ಕಡಿಮೆ ಇದ್ದುದರಿಂದ, ತಮ್ಮಲ್ಲಿ ಭಿನ್ನಾಭಿಪ್ರಾಯವಿದ್ದರೂ ಮುಂದೆ ಮಾಡಬೇಕಾದ ಕೆಲಸದ ಬಗ್ಗೆ ಅವರಿಗೆ ಒಮ್ಮತವಿತ್ತು. "ಹೆಂಗೂ ಕಡಿಮೆನೇ ಐತ್ರಿ ಸರ್, ಇನ್ನೊಂದಿಷ್ಟು ಗಟ್ಟಿ ಮಾಡಬೇಕ್ರಿ" ಎಂದು ಇಬ್ಬರೂ ನನ್ನ ಮುಂದೆ ಬಂದು ನಿಂತರು. ನೀರು ಬೆರೆಸಿ ತೆಳುವಾಗಿಸಬೇಕಾಗಿದ್ದ ದ್ರಾವಣವನ್ನು ನೀರು ತೆಗೆದು ಇನ್ನಷ್ಟು ಗಟ್ಟಿ ಮಾಡಲು ಅವರು ಹೊರಟಿದ್ದರು. ಈ ಎರಡು ಸಂಖ್ಯೆಗಳು ಹೇಗೆ ಹುಟ್ಟಿದವು, ಎರಡೂ ಒಂದೇ ದಿಕ್ಕಿಗೆ ಏಕೆ ವಾಲಿದವು, ಮೂರನೆಯದು ಸರಿಯೆಂದು ಹೇಗೆ ಗೊತ್ತಾಯಿತು ಎಂಬುದೇ ಈ ಬರಹದ ವಿಷಯ.

ಮೊದಲು ದ್ರಾವಣ ತಯಾರಾದ ರೀತಿಯನ್ನು ಹೇಳಬೇಕು, ಏಕೆಂದರೆ ಮುಂದಿನ ಲೆಕ್ಕ ಅದರ ಶುದ್ಧತೆಯನ್ನು ಅವಲಂಬಿಸಿದೆ. 20 ಮಿಲಿಲೀಟರ್ ಬಿಳಿಭಾಗಕ್ಕೆ ಅಷ್ಟೇ ಪ್ರಮಾಣದ ಸಂತೃಪ್ತ ಅಮೋನಿಯಂ ಸಲ್ಫೇಟ್ ದ್ರಾವಣವನ್ನು ನಿಧಾನವಾಗಿ ಬೆರೆಸಿದಾಗ ಗ್ಲಾಬ್ಯುಲಿನ್‌ಗಳೂ ಲೋಳೆಯಂಥ ಓವೊಮ್ಯೂಸಿನ್ನೂ ಗಷ್ಟಾಗಿ ಕೆಳಗೆ ಕೂರುತ್ತವೆ. ಸೋಸಿದ ತಿಳಿಯನ್ನು ದುರ್ಬಲ ಆಮ್ಲದಿಂದ ಪಿ‌ಎಚ್ 4.6ರ ಆಸುಪಾಸಿಗೆ ತಂದು ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ದಿನಗಳಲ್ಲಿ ಓವಾಲ್ಬುಮಿನ್ ಹರಳುಗಟ್ಟುತ್ತದೆ. ಆ ಹರಳುಗಳನ್ನು ಮತ್ತೆ ಕರಗಿಸಿ ಮತ್ತೆ ಹರಳುಗಟ್ಟಿಸಿ, ಕೊನೆಗೆ ನೀರಿನಲ್ಲಿ ಕರಗಿಸಿ, ಲವಣವನ್ನು ಹೊರಬಿಟ್ಟು ಪ್ರೋಟೀನನ್ನು ಒಳಗೇ ಉಳಿಸುವ ಡಯಾಲಿಸಿಸ್ ಚೀಲದಲ್ಲಿ ತುಂಬಿ ನೀರಿನಲ್ಲಿಟ್ಟು, ಹೊರಗಿನ ನೀರಿಗೆ ಬೇರಿಯಂ ಕ್ಲೋರೈಡ್ ಹನಿ ಹಾಕಿದರೆ ಬಿಳಿ ಮಸುಕು ಕಾಣದಿರುವವರೆಗೆ ನೀರು ಬದಲಿಸಿದರು. ಸಲ್ಫೇಟ್ ಉಳಿದಿದ್ದರೆ ಬೇರಿಯಂ ಅದನ್ನು ತೋರಿಸಿಕೊಡುತ್ತದೆ. ಕೊನೆಗೆ ಸಿಕ್ಕದ್ದು 50 ಮಿಲಿಲೀಟರ್ ದ್ರಾವಣ.

ನೇರಳಾತೀತ ಬೆಳಕಿನ ಅಳತೆ

ಪ್ರೋಟೀನ್ ದ್ರಾವಣದ ಮೂಲಕ 280 ನ್ಯಾನೊಮೀಟರ್ ಬೆಳಕು ಹಾದಾಗ ಅದನ್ನು ಹೀರುವುದು ಇಡೀ ಪ್ರೋಟೀನ್ ಅಲ್ಲ, ಅದರ ಸರಪಳಿಯಲ್ಲಿರುವ ಟ್ರಿಪ್ಟೊಫ್ಯಾನ್ ಮತ್ತು ಟೈರೊಸಿನ್ ಎಂಬ ಎರಡು ಅಮೈನೊ ಆಮ್ಲಗಳ ಉಂಗುರಗಳು. ಎರಡು ಸಿಸ್ಟೀನ್‌ಗಳ ನಡುವಿನ ಗಂಧಕದ ಸೇತುವೆಯೂ ಅಲ್ಪಸ್ವಲ್ಪ ಹೀರುತ್ತದೆ. ಫೀನೈಲ್ ಅಲನೈನ್‌ಗೂ ಉಂಗುರವಿದ್ದರೂ ಅದರ ಹೀರಿಕೆ 257 ನ್ಯಾನೊಮೀಟರ್ ಸುತ್ತ ಇರುವುದರಿಂದ ಇಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಈ ವಿಧಾನದಲ್ಲಿ ನಾವು ನಿಜವಾಗಿ ಎಣಿಸುವುದು ಟ್ರಿಪ್ಟೊಫ್ಯಾನ್ ಮತ್ತು ಟೈರೊಸಿನ್‌ಗಳನ್ನು. ಪ್ರೋಟೀನಿನ ತೂಕವನ್ನು ಅವುಗಳಿಂದ ಊಹಿಸುತ್ತೇವೆ.

ಆ ಎಣಿಕೆಗೆ ಆಧಾರವಾದದ್ದು ಬಿಯರ್-ಲ್ಯಾಂಬರ್ಟ್ ನಿಯಮ. ದ್ರಾವಣವನ್ನು ಒಂದರ ಹಿಂದೊಂದು ಜೋಡಿಸಿದ ತೆಳುವಾದ ಪದರಗಳೆಂದು ಭಾವಿಸಿದರೆ, ಪ್ರತಿಯೊಂದು ಪದರವೂ ತನ್ನ ಬಳಿಗೆ ಬಂದ ಬೆಳಕಿನ ಒಂದೇ ಪಾಲನ್ನು ನುಂಗುತ್ತದೆ: ಮೊದಲ ಪದರ ಅರ್ಧವನ್ನು ಉಳಿಸಿದರೆ ಎರಡನೆಯದು ಆ ಅರ್ಧದಲ್ಲಿ ಅರ್ಧವನ್ನು, ಮೂರನೆಯದು ಅದರಲ್ಲೂ ಅರ್ಧವನ್ನು ಉಳಿಸುತ್ತದೆ. ಪದರದ ದಪ್ಪಕ್ಕೂ ಬೆಳಕಿನ ಕ್ಷಯಕ್ಕೂ ಇರುವ ಈ ಸಂಬಂಧವನ್ನು 1729ರಲ್ಲಿ ಬೂಗೇರ್, 1760ರಲ್ಲಿ ಲ್ಯಾಂಬರ್ಟ್ ಹೇಳಿದ್ದರು. ಸಾಂದ್ರತೆಯನ್ನು ಅದಕ್ಕೆ ಜೋಡಿಸಿದವನು 1852ರಲ್ಲಿ ಬಿಯರ್. ಬೆಳಕು ಹೀಗೆ ಗುಣಾಕಾರದಲ್ಲಿ ಕುಗ್ಗುವುದರಿಂದ, ಒಳಗೆ ಹೋದ ಬೆಳಕನ್ನು ಹೊರಗೆ ಬಂದ ಬೆಳಕಿನಿಂದ ಭಾಗಿಸಿ ಲಾಗರಿತಮ್ ತೆಗೆದುಕೊಂಡರೆ ಸಾಂದ್ರತೆಯೊಂದಿಗೆ ನೇರವಾಗಿ ಏರುವ ಒಂದು ಅಳತೆ ಸಿಗುತ್ತದೆ. ನಮ್ಮ ಮಕ್ಕಳು ಓಡಿ ಎಂದು ಕರೆಯುವ ಹೀರಿಕೆ ಅದೇ.

A = log10(I0/I) = ε × c × l

ಇದರಲ್ಲಿ c ಸಾಂದ್ರತೆ, l ದ್ರಾವಣ ತುಂಬಿಡುವ ಕ್ಯುವೆಟ್ ಎಂಬ ಚಿಕ್ಕ ಪಾತ್ರೆಯ ಒಳ ಅಗಲ, ಅಂದರೆ ಸಾಮಾನ್ಯವಾಗಿ 1 ಸೆಂಟಿಮೀಟರ್. ε ಎಂಬುದು ಆ ವಸ್ತುವಿಗೇ ಸೇರಿದ ಹೀರಿಕೆಯ ಗುಣಾಂಕ. ಇಡೀ ಪ್ರಕರಣ ನಿಂತಿರುವುದು ಈ ಗುಣಾಂಕದ ಮೇಲೆ.

ವಿದ್ಯಾರ್ಥಿನಿಯ ಮೊದಲ ಅಳತೆ ದ್ರಾವಣವನ್ನು ತೆಳುವಾಗಿಸದೆ ನೇರವಾಗಿ ಇಟ್ಟದ್ದು. ಯಂತ್ರ 2.97 ಎಂದು ತೋರಿಸಿತು. ಅವಳು ಅದನ್ನು ನಂಬದೆ ಐದು ಪಟ್ಟು, ಹತ್ತು ಪಟ್ಟು, ಇಪ್ಪತ್ತು ಪಟ್ಟು, ನಲವತ್ತು ಪಟ್ಟು ತೆಳುವಾಗಿಸಿ ಅಳೆದಳು. ಈ ಒಂದು ಎಚ್ಚರಿಕೆ ಮುಂದೆ ನಮ್ಮನ್ನು ಕಾಪಾಡಿತು. ಓದಿಕೆಗಳು ಕ್ರಮವಾಗಿ 1.683, 0.849, 0.426 ಮತ್ತು 0.213 ಬಂದವು. ಪ್ರತಿಯೊಂದನ್ನೂ ಅದರ ಪಟ್ಟಿನಿಂದ ಗುಣಿಸಿದರೆ 8.41, 8.49, 8.52, 8.52 ಆಗುತ್ತದೆ. ಕೊನೆಯ ಎರಡು ಒಂದೇ ಸಂಖ್ಯೆಗೆ ನಿಂತಿವೆ, ಐದು ಪಟ್ಟಿನದು ಸ್ವಲ್ಪ ಕುಸಿದಿದೆ, ತೆಳುವಾಗಿಸದ್ದು ಪೂರಾ ದಾರಿ ತಪ್ಪಿದೆ.

ದಾರಿ ತಪ್ಪಿದ್ದು ನಿಯಮವಲ್ಲ, ಯಂತ್ರ. ಹೀರಿಕೆ 8.52 ಎಂದರೆ ನೂರು ಕೋಟಿ ಬೆಳಕಿನ ಕಣಗಳಲ್ಲಿ ಮೂರು ಮಾತ್ರ ಆಚೆ ದಾಟುತ್ತವೆ ಎಂದರ್ಥ. ಆದರೆ ನಮ್ಮಂಥ ಸಾಮಾನ್ಯ ಸ್ಪೆಕ್ಟ್ರೊಫೋಟೊಮೀಟರಿನೊಳಗೆ ಬೇರೆ ತರಂಗಾಂತರದ ಅಡ್ಡಾದಿಡ್ಡಿ ಬೆಳಕು ಸಾವಿರಕ್ಕೆ ಒಂದು ಪಾಲಿನಷ್ಟಾದರೂ ಸೋರಿ, ಬೆಳಕನ್ನು ಅಳೆಯುವ ಗ್ರಾಹಕವನ್ನು ತಲುಪುತ್ತಿರುತ್ತದೆ. ದ್ರಾವಣ ಎಷ್ಟೇ ಗಟ್ಟಿಯಾಗಿದ್ದರೂ ಗ್ರಾಹಕಕ್ಕೆ ಆ ಸಾವಿರದ ಒಂದು ಪಾಲು ಕಾಣುತ್ತಲೇ ಇರುವುದರಿಂದ ಓದಿಕೆ 3ರ ಹತ್ತಿರ ಬಂದು ನಿಂತುಬಿಡುತ್ತದೆ. ಅದೇ ಸೋರಿಕೆ 1.704 ಇರಬೇಕಾದದ್ದನ್ನು 1.683 ಆಗಿಸುತ್ತದೆ, 0.426ರಲ್ಲಿ ಅದರ ಪರಿಣಾಮ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಓದಿಕೆಯನ್ನು 0.1ರಿಂದ 1ರ ನಡುವೆ ಇಟ್ಟುಕೊಳ್ಳಬೇಕು ಎಂಬ ಮಾತನ್ನು ಪುಸ್ತಕದ ಶಿಸ್ತೆಂದು ಪಾಲಿಸುವುದಕ್ಕಿಂತ, ಎರಡು ಭಿನ್ನ ಪಟ್ಟುಗಳಲ್ಲಿ ಅಳೆದು ಗುಣಲಬ್ಧ ಒಂದೇ ಬರುತ್ತದೆಯೇ ಎಂದು ನೋಡುವುದು ಉತ್ತಮ. ಒಂದೇ ಬಂದರೆ ನಾವು ನಿಯಮ ನಡೆಯುವ ಜಾಗದಲ್ಲಿದ್ದೇವೆ.

ಅವಳು ಇನ್ನೆರಡು ಸಂಗತಿಗಳನ್ನೂ ನೋಡಿಕೊಂಡಿದ್ದಳು. ಕ್ಯುವೆಟ್ ಸ್ಫಟಿಕ ಶಿಲೆಯದು, ಗಾಜಿನದಲ್ಲ. ಸಾಮಾನ್ಯ ಗಾಜು ಮತ್ತು ಅಗ್ಗದ ಪ್ಲಾಸ್ಟಿಕ್ 280ರ ಬೆಳಕನ್ನು ತಾವೇ ನುಂಗಿಬಿಡುತ್ತವೆ. ಪ್ರೋಟೀನ್ ಏನನ್ನೂ ಹೀರದ 320 ನ್ಯಾನೊಮೀಟರ್‌ನಲ್ಲಿ ಓದಿದಾಗ ಮೊದಲು 0.021 ಬಂತು, ಅಂದರೆ ಕರಗದ ಧೂಳಿನಂಥ ಕಣಗಳು ಬೆಳಕನ್ನು ಚದುರಿಸುತ್ತಿದ್ದವು. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ ಮೇಲೆ ಅದು 0.003ಕ್ಕೆ ಇಳಿಯಿತು, ಮೇಲಿನ ಓದಿಕೆಗಳೆಲ್ಲ ಅದರ ನಂತರದವು. 320ರ ಓದಿಕೆಯನ್ನು 280ರದರಿಂದ ನೇರವಾಗಿ ಕಳೆಯುವ ರೂಢಿ ಇದೆ, ಆದರೆ ಚದುರುವಿಕೆ ತರಂಗಾಂತರ ಕಡಿಮೆಯಾದಂತೆ ಬೇಗ ಏರುವುದರಿಂದ ಆ ಕಳೆಯುವಿಕೆ ಸಾಲದು. ತಿರುಗಿಸಿ ತಿಳಿಗೊಳಿಸುವುದೇ ಮೇಲು. ಮಧ್ಯದಲ್ಲಿ ಒಮ್ಮೆ ಕರೆಂಟ್ ಹೋಗಿ ಬಂದಾಗ ಡ್ಯೂಟೀರಿಯಂ ದೀಪ ಸ್ಥಿರವಾಗಲು ಇಪ್ಪತ್ತು ನಿಮಿಷ ಕಾದು, ಯಂತ್ರವನ್ನು ಸೊನ್ನೆಗೆ ತರಲು ಪ್ರೋಟೀನ್ ಇಲ್ಲದ ಬ್ಲ್ಯಾಂಕನ್ನು ಮತ್ತೆ ಇಟ್ಟಿದ್ದಳು.

ಇಷ್ಟೆಲ್ಲ ಸರಿಯಾಗಿ ಮಾಡಿ, ಕೊನೆಯ ಸಾಲಿನಲ್ಲಿ ಅವಳು ಹೀರಿಕೆ 8.52 ಎಂದರೆ 8.5 ಮಿಲಿಗ್ರಾಂ ಎಂದು ಬರೆದಳು. ಕೇಳಿದರೆ, "ಒಂದು ಓಡಿ ಅಂದ್ರ ಒಂದು ಮಿಲಿಗ್ರಾಂ ಅಂತ ರೆಕಾರ್ಡ್ ಬುಕ್ಕಿನಾಗ ಐತ್ರಿ" ಎಂದಳು. ಆ ವಾಕ್ಯ ಬಹುಪಾಲು ಪ್ರಯೋಗಾಲಯಗಳ ಗೋಡೆಯ ಮೇಲಿದೆ. ಸಂಯೋಜನೆ ಗೊತ್ತಿಲ್ಲದ ಮಿಶ್ರಣಕ್ಕೆ ಅದೊಂದು ಸ್ಥೂಲ ಅಂದಾಜು. ಗೊತ್ತಿರುವ ಒಂದೇ ಪ್ರೋಟೀನಿಗೆ ಅದನ್ನು ಬಳಸುವುದೆಂದರೆ ಕೈಯಲ್ಲಿ ತಕ್ಕಡಿ ಇಟ್ಟುಕೊಂಡು ಕಣ್ಣಂದಾಜಿಗೆ ಹೋದಂತೆ.

ಓವಾಲ್ಬುಮಿನ್‌ನ ಅಮೈನೊ ಆಮ್ಲಗಳ ಸರಣಿ ಗೊತ್ತಿದೆ. ಅದರ 385 ಅಮೈನೊ ಆಮ್ಲಗಳಲ್ಲಿ ಟ್ರಿಪ್ಟೊಫ್ಯಾನ್ 3, ಟೈರೊಸಿನ್ 10, ಗಂಧಕದ ಸೇತುವೆ 1. ನೀರಿನಲ್ಲಿರುವ ಪ್ರೋಟೀನುಗಳಿಗೆ ಇಂದು ಹೆಚ್ಚಾಗಿ ಬಳಸುವ ಮೌಲ್ಯಗಳ ಪ್ರಕಾರ 280ರಲ್ಲಿ ಒಂದು ಟ್ರಿಪ್ಟೊಫ್ಯಾನ್ 5500, ಒಂದು ಟೈರೊಸಿನ್ 1490, ಒಂದು ಸೇತುವೆ 125ರಷ್ಟು ಕೊಡುಗೆ ನೀಡುತ್ತದೆ. ಘಟಕ ಪ್ರತಿ ಮೋಲಾರಿಗೆ, ಪ್ರತಿ ಸೆಂಟಿಮೀಟರಿಗೆ.

ε = 3 × 5500 + 10 × 1490 + 1 × 125 = 31525

ಇದನ್ನು ಅಣುತೂಕದಿಂದ ಭಾಗಿಸಿದರೆ 1 ಮಿಲಿಗ್ರಾಂ/ಮಿಲಿಲೀಟರ್ ದ್ರಾವಣದ ಹೀರಿಕೆ ಸಿಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಅಮೈನೊ ಆಮ್ಲಗಳ ಸರಪಳಿಯ ತೂಕ ಸುಮಾರು 42,700. ಆದರೆ ಓವಾಲ್ಬುಮಿನ್‌ಗೆ ಒಂದು ಸಕ್ಕರೆಯ ಕೊಂಬೆಯೂ ಫಾಸ್ಫೇಟುಗಳೂ ಅಂಟಿಕೊಂಡಿದ್ದು, ಅವೆಲ್ಲ ಸೇರಿ ತೂಕ ಸುಮಾರು 44,500 ಆಗುತ್ತದೆ. ಸಕ್ಕರೆ ತೂಗುತ್ತದೆ, ಬೆಳಕನ್ನು ಹೀರುವುದಿಲ್ಲ. ತಕ್ಕಡಿಯಲ್ಲಿ ತೂಗುವ ಮಿಲಿಗ್ರಾಂ ನಮಗೆ ಬೇಕಾಗಿದ್ದುದರಿಂದ ದೊಡ್ಡ ಸಂಖ್ಯೆಯಿಂದಲೇ ಭಾಗಿಸಿದೆವು: 31525 / 44500 = 0.708. ಹಾಗಾದರೆ ಸಾಂದ್ರತೆ 8.52 / 0.708, ಅಂದರೆ 12.0 ಮಿಲಿಗ್ರಾಂ/ಮಿಲಿಲೀಟರ್.

ಈ 0.708 ಎಂಬುದು ಒಂದರಿಂದ ಹೆಚ್ಚು ದೂರವಿಲ್ಲವೆಂದು ಕಾಣಬಹುದು. ಅದೇ ಮೊಟ್ಟೆಯ ಬಿಳಿಭಾಗದಲ್ಲಿರುವ ಲೈಸೊಜೈಮ್ ಎಂಬ ಚಿಕ್ಕ ಕಿಣ್ವದಲ್ಲಿ 129 ಅಮೈನೊ ಆಮ್ಲಗಳಲ್ಲೇ ಆರು ಟ್ರಿಪ್ಟೊಫ್ಯಾನ್, ಮೂರು ಟೈರೊಸಿನ್, ನಾಲ್ಕು ಸೇತುವೆಗಳಿವೆ. ಅದರ ಲೆಕ್ಕ 2.65ಕ್ಕೆ ಬರುತ್ತದೆ. ಅಲ್ಲೇ ಇರುವ ಓವೊಮ್ಯೂಕಾಯ್ಡ್‌ನಲ್ಲಿ ಟ್ರಿಪ್ಟೊಫ್ಯಾನ್ ಒಂದೂ ಇಲ್ಲದ ಕಾರಣ ಅದು ಅರ್ಧಕ್ಕಿಂತ ಕೆಳಗಿದೆ. ಒಂದೇ ತತ್ತಿಯೊಳಗೆ ಆರು ಪಟ್ಟಿನ ವ್ಯತ್ಯಾಸ.

ಬಣ್ಣದ ವಿಧಾನ

ದೇವದುರ್ಗದ ಹುಡುಗ ಬಳಸಿದ್ದು ಮೇರಿಯನ್ ಬ್ರಾಡ್‌ಫರ್ಡ್ 1976ರಲ್ಲಿ ಪ್ರಕಟಿಸಿದ ವಿಧಾನ. ಕೂಮಾಸಿ ಬ್ರಿಲಿಯಂಟ್ ಬ್ಲೂ ಜಿ-250 ಎಂಬ ಬಣ್ಣವನ್ನು ಫಾಸ್ಫಾರಿಕ್ ಆಮ್ಲ ಮತ್ತು ಸ್ವಲ್ಪ ಆಲ್ಕೊಹಾಲಿನಲ್ಲಿ ಕರಗಿಸಿದರೆ ಅದು ಕಂದುಗೆಂಪಾಗಿರುತ್ತದೆ, 465 ನ್ಯಾನೊಮೀಟರ್ ಸುತ್ತ ಬೆಳಕನ್ನು ಹೀರುತ್ತದೆ. ಪ್ರೋಟೀನಿಗೆ ಅಂಟಿದೊಡನೆ ಅದರ ವಿದ್ಯುದಂಶದ ಸ್ಥಿತಿ ಬದಲಾಗಿ ನೀಲಿಗೆ ತಿರುಗುತ್ತದೆ, ಹೀರಿಕೆ 595ಕ್ಕೆ ಸರಿಯುತ್ತದೆ. ಉಣ್ಣೆಗೆ ಹಾಕಲು ಹುಟ್ಟಿದ ಬಣ್ಣವಾದ್ದರಿಂದ ಪ್ರೋಟೀನಿಗೆ ಅಂಟುವುದು ಅದರ ಮೂಲ ಕಸುಬೇ ಹೌದು. ಅದು ಮುಖ್ಯವಾಗಿ ಹಿಡಿದುಕೊಳ್ಳುವುದು ಆರ್ಜಿನೈನ್‌ಗಳನ್ನು, ಕಡಿಮೆ ಮಟ್ಟದಲ್ಲಿ ಲೈಸಿನ್ ಮುಂತಾದವನ್ನು. ಮೊದಲ ವಿಧಾನ ಟ್ರಿಪ್ಟೊಫ್ಯಾನ್ ಎಣಿಸಿದರೆ ಇದು ಆರ್ಜಿನೈನ್ ಎಣಿಸುತ್ತದೆ ಎನ್ನಬಹುದು, ಆದರೆ ಇಲ್ಲಿ ಎಣಿಕೆ ಅಷ್ಟು ನೇರವಲ್ಲ. ಪ್ರೋಟೀನಿನ ಮಡಿಕೆ, ಮೇಲ್ಮೈ, ಅಂಟಿದ ಸಕ್ಕರೆ ಎಲ್ಲವೂ ಕೈಹಾಕುತ್ತವೆ. ಆದ್ದರಿಂದ ಸರಣಿ ನೋಡಿ ಗುಣಾಂಕ ಲೆಕ್ಕ ಹಾಕುವ ಸೂತ್ರ ಇದಕ್ಕಿಲ್ಲ. ಗೊತ್ತಿರುವ ಒಂದು ಪ್ರೋಟೀನಿನ ಬಣ್ಣದೊಂದಿಗೆ ಹೋಲಿಸುವುದೊಂದೇ ದಾರಿ.

ಅವನು ಹೋಲಿಸಿದ್ದು ಎಲ್ಲರೂ ಬಳಸುವ ಹಸುವಿನ ಸೀರಂ ಅಲ್ಬುಮಿನ್‌ನೊಂದಿಗೆ, ಅಂದರೆ ಬಿಎಸ್‌ಎಯೊಂದಿಗೆ. 0.1 ಮಿಲಿಲೀಟರ್ ಮಾದರಿಗೆ 5 ಮಿಲಿಲೀಟರ್ ಬಣ್ಣದ ದ್ರಾವಣ ಬೆರೆಸಿ ಹತ್ತು ನಿಮಿಷದ ನಂತರ ಓದಿದ. ಪ್ರತಿ ಮಿಲಿಲೀಟರಿಗೆ 0.2, 0.4, 0.6, 0.8, 1.0 ಮಿಲಿಗ್ರಾಂ ಬಿಎಸ್‌ಎಗೆ ಬಂದ ಓದಿಕೆಗಳು 0.21, 0.39, 0.55, 0.69, 0.81. ಇಪ್ಪತ್ತು ಪಟ್ಟು ತೆಳುವಾಗಿಸಿದ ಓವಾಲ್ಬುಮಿನ್‌ಗೆ 0.30.

ಮೇಲಿನ ಐದು ಓದಿಕೆಗಳನ್ನು ಗಮನಿಸಿದರೆ ಹೆಜ್ಜೆಗಳು ಕಿರಿದಾಗುತ್ತಿರುವುದು ಕಾಣುತ್ತದೆ: ಮೊದಲು 0.18 ಏರಿದ್ದು ಕೊನೆಗೆ 0.12 ಮಾತ್ರ ಏರಿದೆ. ಇದು ಮೊದಲಿನಂತೆ ಸೋರುವ ಬೆಳಕಿನ ತಪ್ಪಲ್ಲ, ಓದಿಕೆಗಳು ಒಂದಕ್ಕಿಂತ ಕೆಳಗೇ ಇವೆ. ಪ್ರೋಟೀನ್ ಹೆಚ್ಚಾದಂತೆ ಅಂಟದೆ ಉಳಿದ ಬಣ್ಣ ಖರ್ಚಾಗುತ್ತದೆ. ಜೊತೆಗೆ ಆ ಬಣ್ಣ ತಾನೂ 595ರಲ್ಲಿ ಒಂದಿಷ್ಟು ಹೀರುತ್ತಿದ್ದು, ಬ್ಲ್ಯಾಂಕಿನಲ್ಲಿ ಅದನ್ನು ಒಮ್ಮೆಗೇ ಕಳೆದಿರುತ್ತೇವೆ. ನೀಲಿ ವಸ್ತುವಿನ ಮಟ್ಟಿಗೆ ಬಿಯರ್-ಲ್ಯಾಂಬರ್ಟ್ ನಿಯಮ ನಡೆಯುತ್ತಲೇ ಇದೆ, ಆದರೆ ನೀಲಿ ವಸ್ತುವಿನ ಪ್ರಮಾಣವೇ ಪ್ರೋಟೀನಿನೊಂದಿಗೆ ಸಮನಾಗಿ ಏರುತ್ತಿಲ್ಲ. ಹುಡುಗ ಮೊದಲು ಕಂಪ್ಯೂಟರಿನಲ್ಲಿ ಸೊನ್ನೆಯಿಂದ ಹೊರಡುವ ನೇರ ಗೆರೆ ಎಳೆಸಿದಾಗ 0.30ಕ್ಕೆ 0.35 ಮಿಲಿಗ್ರಾಂ, ಅಂದರೆ ಮೂಲ ದ್ರಾವಣಕ್ಕೆ 7.0 ಬಂತು. ಬಿಂದುಗಳ ಮೂಲಕ ಕೈಯಿಂದ ಬಾಗಿದ ಗೆರೆ ಎಳೆದು ನೋಡಿದಾಗ 0.295, ಅಂದರೆ 5.9. ಅವನು ಎರಡನೆಯದನ್ನು ಆಯ್ದುಕೊಂಡ, ಸರಿಯಾಗಿಯೇ ಆಯ್ದುಕೊಂಡ. 595ರ ಓದಿಕೆಯನ್ನು 450ರ ಓದಿಕೆಯಿಂದ ಭಾಗಿಸಿದರೆ ಈ ಬಾಗು ಬಹುಮಟ್ಟಿಗೆ ನೇರವಾಗುತ್ತದೆ, ಏಕೆಂದರೆ ಆಗ ಅಂಟಿದ ಬಣ್ಣವೂ ಅಂಟದ ಬಣ್ಣವೂ ಎರಡೂ ಲೆಕ್ಕಕ್ಕೆ ಬರುತ್ತವೆ. ಆ ದಿನ ಅವನು 450ರಲ್ಲಿ ಓದಿರಲಿಲ್ಲ.

ಹೀಗೆ ಬಾಗಿದ ಗೆರೆಯಿಂದ ಸರಿಯಾಗಿ ಓದಿದ ಸಂಖ್ಯೆ, ತಪ್ಪಾಗಿ ಎಳೆದ ನೇರ ಗೆರೆಯ ಸಂಖ್ಯೆಗಿಂತ ನಿಜದಿಂದ ಇನ್ನೂ ದೂರ ಹೋಯಿತು. ಒಂದು ತಪ್ಪು ಇನ್ನೊಂದು ತಪ್ಪಿನ ಒಂದು ಭಾಗವನ್ನು ಮುಚ್ಚಿಕೊಂಡಿದ್ದಾಗ ಹೀಗೇ ಆಗುತ್ತದೆ, ಒಂದನ್ನು ತಿದ್ದಿದ ಕೂಡಲೇ ಇನ್ನೊಂದು ಬೆತ್ತಲಾಗುತ್ತದೆ.

ಉಳಿದ ತಪ್ಪು ಬಿಎಸ್‌ಎಯದು. ಈ ಬಣ್ಣವನ್ನು ಬಿಎಸ್‌ಎ ಹೆಚ್ಚಿನ ಪ್ರೋಟೀನುಗಳಿಗಿಂತ ಬಹಳ ಬಲವಾಗಿ ಹಿಡಿಯುತ್ತದೆ. ಪ್ರತಿಕಾಯಗಳ ಗ್ಲಾಬ್ಯುಲಿನ್ ಅದೇ ತೂಕಕ್ಕೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಣ್ಣ ಮಾತ್ರ ಕೊಡುತ್ತದೆ, ಓವಾಲ್ಬುಮಿನ್ ಇನ್ನೂ ಹಿಂದೆ. ಬಿಎಸ್‌ಎಯ 583 ಅಮೈನೊ ಆಮ್ಲಗಳಲ್ಲಿ 23 ಆರ್ಜಿನೈನ್, 59 ಲೈಸಿನ್ ಇವೆ. ಓವಾಲ್ಬುಮಿನ್‌ನ 385ರಲ್ಲಿ 15 ಮತ್ತು 20. ಆರ್ಜಿನೈನ್ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಲೈಸಿನ್‌ನಲ್ಲಿ ಅಂತರ ದೊಡ್ಡದು. ಆದರೂ ಈ ಎಣಿಕೆಯೊಂದರಿಂದಲೇ ಬಣ್ಣದ ಅಂತರ ಪೂರ್ತಿ ವಿವರಣೆಯಾಗುವುದಿಲ್ಲ. ಬಿಎಸ್‌ಎಯ ಗೆರೆಯಿಂದ ಓದಿದ 5.9 ಎಂಬುದರ ನಿಜವಾದ ಅರ್ಥ ಇಷ್ಟೇ: ಈ ದ್ರಾವಣದ ಒಂದು ಮಿಲಿಲೀಟರ್, 5.9 ಮಿಲಿಗ್ರಾಂ ಬಿಎಸ್‌ಎ ಕೊಡುವಷ್ಟು ನೀಲಿಯನ್ನು ಕೊಡುತ್ತದೆ.

ಮೂರನೆಯ ಸಾಕ್ಷಿ

ನನ್ನ ಲೆಕ್ಕ 12.0 ಎಂದು ಬೋರ್ಡಿನ ಮೇಲೆ ಬರೆದಾಗ ಹುಡುಗ ಒಪ್ಪಲಿಲ್ಲ. "ಅದೂ ಒಂದು ಲೆಕ್ಕನೇ ಅಲ್ರಿ ಸರ್, ನಂದು ಅಳದು ತಗದದ್ದು" ಎಂದ. ಅವನ ಆಕ್ಷೇಪ ನ್ಯಾಯವಾದದ್ದು. ಪುಸ್ತಕದ ಗುಣಾಂಕವೂ ಸರಾಸರಿಗಳಿಂದ ಕಟ್ಟಿದ ಅಂದಾಜೇ; ಟ್ರಿಪ್ಟೊಫ್ಯಾನ್ ಇರುವ ಪ್ರೋಟೀನಿಗೆ ಅದು ಸಾಮಾನ್ಯವಾಗಿ ಶೇಕಡಾ ಕೆಲವೇ ಅಂಶಗಳೊಳಗೆ ಸರಿಬರುತ್ತದೆ, ಆದರೆ ಒಂದು ಅಂದಾಜಿನಿಂದ ಇನ್ನೊಂದನ್ನು ತಳ್ಳಿಹಾಕುವುದು ವಾದವೇ ಹೊರತು ಸಾಕ್ಷಿಯಲ್ಲ. ಆದ್ದರಿಂದ ಬೆಳಕನ್ನೂ ಬಣ್ಣವನ್ನೂ ಬಿಟ್ಟು ತೂಗಿ ನೋಡಲು ತೀರ್ಮಾನಿಸಿದೆವು.

ದ್ರಾವಣ ನೀರಿನಲ್ಲಿದ್ದು ಲವಣ ಇಲ್ಲದಿದ್ದುದು ಇಲ್ಲಿ ಅನುಕೂಲವಾಯಿತು. ಮೊದಲೇ ಒಣಗಿಸಿ ತೂಗಿಟ್ಟ ಚಿಕ್ಕ ಗಾಜಿನ ತಟ್ಟೆಗೆ 5.00 ಮಿಲಿಲೀಟರ್ ದ್ರಾವಣ, ಇನ್ನೊಂದಕ್ಕೆ ಡಯಾಲಿಸಿಸ್‌ನ ಕೊನೆಯ ಹೊರನೀರು 5.00 ಮಿಲಿಲೀಟರ್ ಹಾಕಿ, 105 ಡಿಗ್ರಿ ಒಲೆಯಲ್ಲಿ ಎರಡು ಸಲದ ತೂಕ ಒಂದೇ ಬರುವವರೆಗೆ ಒಣಗಿಸಿದೆವು. ಒಣಗಿದ ಪ್ರೋಟೀನ್ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ, ಡೆಸಿಕೇಟರಿನಿಂದ ತೆಗೆದು ತಡಮಾಡದೆ ತೂಗಬೇಕು. ರಾಯಚೂರಿನ ಏಪ್ರಿಲ್ ಬಿಸಿಲಿನ ಒಣಹವೆ ಈ ಒಂದು ಕೆಲಸಕ್ಕೆ ಮಾತ್ರ ಒಳ್ಳೆಯದು. ಮೊದಲ ತಟ್ಟೆಯಲ್ಲಿ 61.4 ಮಿಲಿಗ್ರಾಂ, ಎರಡನೆಯದರಲ್ಲಿ 0.3. ವ್ಯತ್ಯಾಸ 61.1, ಅಂದರೆ ಮಿಲಿಲೀಟರಿಗೆ 12.2 ಮಿಲಿಗ್ರಾಂ. ಗುಣಾಂಕದ ಲೆಕ್ಕಕ್ಕೂ ತಕ್ಕಡಿಗೂ ನಡುವೆ ಶೇಕಡಾ ಎರಡರ ಒಳಗಿನ ಅಂತರ.

ತೂಕ ಸುಳ್ಳು ಹೇಳಬಹುದಾದ ಒಂದು ದಾರಿ ಇತ್ತು. ಅದು ಓವಾಲ್ಬುಮಿನನ್ನಷ್ಟೇ ತೂಗುವುದಿಲ್ಲ, ಜೊತೆಗಿದ್ದ ಬೇರೆ ಪ್ರೋಟೀನನ್ನೂ ತೂಗುತ್ತದೆ. ಇದರಲ್ಲಿ ಲೈಸೊಜೈಮ್ ಶೇಕಡಾ 5ರಷ್ಟು ಉಳಿದಿದ್ದರೆ ಮಿಶ್ರಣದ ಗುಣಾಂಕ 0.95 × 0.708 + 0.05 × 2.65, ಅಂದರೆ 0.805 ಆಗುತ್ತಿತ್ತು, ಆಗ 0.708ರಿಂದ ಭಾಗಿಸಿದ ಬೆಳಕಿನ ಲೆಕ್ಕ ತಕ್ಕಡಿಗಿಂತ ಶೇಕಡಾ 14ರಷ್ಟು ಮೇಲೆ ಹೋಗಬೇಕಿತ್ತು. ಹೋಗಿಲ್ಲ. ಪ್ರೋಟೀನುಗಳನ್ನು ಅಣುತೂಕದ ಪ್ರಕಾರ ಬೇರೆಮಾಡುವ ಜೆಲ್ಲಿನಲ್ಲಿ ಬೇಕೆಂದೇ ಹೆಚ್ಚು ಮಾದರಿ ಹಾಕಿ ಓಡಿಸಿದಾಗಲೂ ಓವಾಲ್ಬುಮಿನ್‌ನ 45 ಸಾವಿರದ ಪಟ್ಟಿಯ ಕೆಳಗೆ, ಲೈಸೊಜೈಮ್ ಕಾಣಬೇಕಾದ 14 ಸಾವಿರದ ಜಾಗದಲ್ಲಿ ಕಣ್ಣಿಗೆ ಬೀಳುವಂಥದ್ದೇನೂ ಇರಲಿಲ್ಲ. ತಕ್ಕಡಿ ಮತ್ತು ಬೆಳಕು ಎರಡೂ ಒಪ್ಪಿದ್ದು ಹೀಗೆ ಸಾಂದ್ರತೆಯ ಜೊತೆಗೆ ಶುದ್ಧತೆಯ ಬಗೆಗೂ ಒಂದು ಮಾತು ಹೇಳಿತು.

ಆ ಮೇಲೆ ಹುಡುಗನಿಗೆ ಅದೇ ಓವಾಲ್ಬುಮಿನನ್ನೇ ಮಾನಕವಾಗಿ ಇಟ್ಟುಕೊಂಡು, 12.0ರಿಂದ ತೆಳುವಾಗಿಸಿದ ಸರಣಿಯಿಂದ ಹೊಸ ಗೆರೆ ಎಳೆಯಲು ಹೇಳಿದೆ. ಅವನ ಹಳೆಯ ಗೆರೆಯೊಂದಿಗೆ ಹೋಲಿಸಿದರೆ ಅದೇ ನೀಲಿಗೆ ಓವಾಲ್ಬುಮಿನ್ ಬಿಎಸ್‌ಎಗಿಂತ ಎರಡು ಪಟ್ಟು ಬೇಕಾಗುತ್ತದೆ, 5.9 ಮತ್ತು 12.0ರ ಅನುಪಾತ 0.49. ಈ ಸಂಖ್ಯೆ ನಮ್ಮ ಬಣ್ಣದ ಬಾಟಲಿಗೆ, ನಮ್ಮ ಪ್ರಮಾಣಗಳಿಗೆ ಮಾತ್ರ ಸಲ್ಲುತ್ತದೆ. ಬಣ್ಣದ ತಯಾರಿಕೆ ಬದಲಾದರೆ ಅನುಪಾತವೂ ಬದಲಾಗುತ್ತದೆ, ಆದ್ದರಿಂದ ಅದನ್ನು ಗೋಡೆಯ ಮೇಲೆ ಬರೆಯಲು ಬಿಡಲಿಲ್ಲ. ಗೋಡೆಯ ಮೇಲೆ ಈಗಾಗಲೇ ಒಂದು ವಾಕ್ಯ ಇದೆ.

ಇಷ್ಟಾದ ಮೇಲೆ ಬಣ್ಣದ ವಿಧಾನವನ್ನು ಬಿಟ್ಟುಬಿಡಬಹುದೇ ಎಂದು ವಿದ್ಯಾರ್ಥಿನಿ ಕೇಳಿದಳು. ಈ ದ್ರಾವಣಕ್ಕೆ ಅದು ಬೇಕಾಗಿರಲಿಲ್ಲ ಎಂಬುದು ನಿಜ. ಒಂದೇ ಪ್ರೋಟೀನ್, ಸರಣಿ ಗೊತ್ತು, ತಿಳಿಯಾದ ನೀರು. ಆದರೆ ಅವರೇ ಇನ್ನೊಂದು ತಿಂಗಳಲ್ಲಿ ತೊಗರಿಯ ಮೊಳಕೆಯನ್ನು ಅರೆದು ಕಿಣ್ವ ತೆಗೆಯುವವರಿದ್ದರು. ಆ ರಸದಲ್ಲಿ ನ್ಯೂಕ್ಲಿಯಿಕ್ ಆಮ್ಲಗಳೂ ಫಿನಾಲ್ ವಸ್ತುಗಳೂ ತುಂಬಿಕೊಂಡು 280ರ ಓದಿಕೆಯನ್ನು ಏರಿಸುತ್ತವೆ. ನ್ಯೂಕ್ಲಿಯಿಕ್ ಆಮ್ಲದ ಹೀರಿಕೆಯ ಶಿಖರ 260ರಲ್ಲಿದ್ದರೂ ಅದರ ಇಳಿಜಾರು 280ನ್ನು ದಾಟಿ ಹೋಗುತ್ತದೆ. 260ರ ಓದಿಕೆ 280ರದಕ್ಕಿಂತ ಹೆಚ್ಚಿದ್ದರೆ ಆ ಮಾದರಿಯಲ್ಲಿ ನೇರಳಾತೀತ ಅಳತೆಯನ್ನು ಪ್ರೋಟೀನಿನದೆಂದು ಓದಬಾರದು. ಅಲ್ಲಿ ನ್ಯೂಕ್ಲಿಯಿಕ್ ಆಮ್ಲವನ್ನು ಗಣನೆಗೆ ತೆಗೆದುಕೊಳ್ಳದ ಕೂಮಾಸಿ ಬಣ್ಣವೇ ಮೇಲು, ಮಾರ್ಜಕ ಬೆರೆಸಿ ಅರೆದಿರಬಾರದಷ್ಟೇ. ಪ್ರೋಟೀನ್ ಇಲ್ಲದೆಯೂ ಮಾರ್ಜಕ ಆ ಬಣ್ಣವನ್ನು ನೀಲಿಯ ಕಡೆಗೆ ತಿರುಗಿಸಬಲ್ಲದು. ಸಿಗುವ ಸಂಖ್ಯೆ ಬಿಎಸ್‌ಎ ಸಮಾನವೆಂದು ಬರೆದುಕೊಂಡರೆ, ಒಂದು ಹಂತವನ್ನು ಇನ್ನೊಂದಕ್ಕೆ ಹೋಲಿಸಲು ಸ್ಥೂಲವಾಗಿ ಸಾಕು. ಸ್ಥೂಲವಾಗಿ ಎನ್ನಲು ಕಾರಣವಿದೆ: ಶುದ್ಧೀಕರಣ ಮುಂದುವರಿದಂತೆ ಮಿಶ್ರಣದ ಸಂಯೋಜನೆ ಬದಲಾಗುತ್ತದೆ, ಅದರೊಂದಿಗೆ ಒಂದು ಮಿಲಿಗ್ರಾಂ ಕೊಡುವ ಬಣ್ಣವೂ ಬದಲಾಗುತ್ತದೆ.

ಇಳುವರಿಯ ಪಟ್ಟಿಯಲ್ಲೂ ಇದೇ ಪ್ರಶ್ನೆ ಎದ್ದಿತು. ಬಿಳಿಭಾಗದಲ್ಲಿ ಪ್ರೋಟೀನ್ ಶೇಕಡಾ ಹತ್ತಕ್ಕಿಂತ ಸ್ವಲ್ಪ ಹೆಚ್ಚು, ಅದರಲ್ಲಿ ಓವಾಲ್ಬುಮಿನ್ ಅರ್ಧಕ್ಕಿಂತ ತುಸು ಹೆಚ್ಚು. 20 ಮಿಲಿಲೀಟರಿನಲ್ಲಿ ಸುಮಾರು 1.1 ಗ್ರಾಂ ಇರಬೇಕು. 50 ಮಿಲಿಲೀಟರಿಗೆ 12.0ರಂತೆ ಸಿಕ್ಕದ್ದು 600 ಮಿಲಿಗ್ರಾಂ, ಎರಡು ಸಲ ಹರಳುಗಟ್ಟಿಸಿದ ಕೆಲಸಕ್ಕೆ ಸಮಾಧಾನಕರವಾದ ಪಾಲು. 5.9ರ ಲೆಕ್ಕದಲ್ಲಿ ಅದು 295 ಮಿಲಿಗ್ರಾಂ ಆಗಿ, ಹರಳುಗಟ್ಟಿಸುವಾಗ ಎಲ್ಲೋ ಮುಕ್ಕಾಲು ಪಾಲು ಕಳೆದುಹೋಯಿತೆಂದು ಹುಡುಗ ಹಿಂದಿನ ಹಂತದ ತಿಳಿಯನ್ನೆಲ್ಲ ಎತ್ತಿಟ್ಟು ಹುಡುಕತೊಡಗಿದ್ದ.

ಒಣಗಿಸಲು ಮತ್ತು ಅಳೆಯಲು ಬಳಸಿ ಉಳಿದದ್ದರಲ್ಲಿ 40 ಮಿಲಿಲೀಟರ್ ತೆಗೆದು 8 ಮಿಲಿಲೀಟರ್ ನೀರು ಬೆರೆಸಿದರು. ಇಪ್ಪತ್ತು ಪಟ್ಟು ತೆಳುವಾಗಿಸಿದಾಗ ಹೀರಿಕೆ 0.354 ಬರಬೇಕೆಂದು ವಿದ್ಯಾರ್ಥಿನಿ ಮೊದಲೇ ಬರೆದಿಟ್ಟುಕೊಂಡಳು, ಬಂದದ್ದು 0.356. ಬಾಟಲಿಯ ಚೀಟಿಯ ಮೇಲೆ ಅವರು ಬರೆದದ್ದು ಇಷ್ಟು: ಓವಾಲ್ಬುಮಿನ್, 10 ಮಿಲಿಗ್ರಾಂ/ಮಿಲಿಲೀಟರ್, 280ರಲ್ಲಿ 0.708ರಂತೆ, ಒಣತೂಕದೊಂದಿಗೆ ತಾಳೆ ನೋಡಿದೆ.